ಮುಗಿಸಿದ ಕೆಲಸ ಯಾಕೆ ವಾಪಸ್ ಬರುತ್ತೆ? ಲೆಕ್ಕ ಇಟ್ಟು ಹುಡುಕೋದು ಹೇಗೆ

ಹುಬ್ಬಳ್ಳಿಯ ಒಂದು ಅಕೌಂಟ್ಸ್ ಆಫೀಸ್ ಅಂದುಕೊಳ್ಳಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಖರೀದಿ ಬಿಲ್‌ಗಳು ಕಟ್ಟುಕಟ್ಟಾಗಿ ಬರುತ್ತವೆ. ಏಳು ಜನ ಕೂತು ಕಂಪ್ಯೂಟರ್‌ಗೆ ಏರಿಸುತ್ತಾರೆ. ಒಂದು ಕಟ್ಟು ಅಂದ್ರೆ ಒಂದು ಕೆಲಸ. ಏರಿಸಿದವರು 'ಮುಗೀತು' ಅಂತ ಹಾಕುತ್ತಾರೆ, ಚೆಕ್ ಮಾಡುವವರು ಇಲ್ಲವೇ ವ್ಯಾಪಾರಿ ತಪ್ಪು ಹಿಡಿದರೆ ಅದೇ ಕೆಲಸ ಮತ್ತೆ ತೆರೆಯುತ್ತದೆ. ಹೀಗೆ ವಾಪಸ್ ಬಂದಾಗ ಸಾಮಾನ್ಯವಾಗಿ ಆಗೋದು ಇಷ್ಟೇ: ಮಾಡಿದವರನ್ನು ಕರೆದು ನಾಲ್ಕು ಮಾತು, ತಿದ್ದಿಸಿ ಮತ್ತೆ ಮುಚ್ಚೋದು. ಮುಂದಿನ ವಾರ ಅದೇ ತಪ್ಪು ಇನ್ನೊಬ್ಬರಿಂದ.

ಮೊದಲು ಲೆಕ್ಕ ಸರಿ ಇರಲಿ

ನೂರು ಕೆಲಸ ಮುಚ್ಚಿದರೆ ಎಷ್ಟು ವಾಪಸ್ ಬಂದವು ಅನ್ನೋದೇ ವಾಪಸಾತಿ ದರ. ಕೇಳೋಕೆ ಸುಲಭ, ಆದರೆ ಬಹಳ ಜನ ಎಡವೋದು ಇಲ್ಲೇ. ಈ ವಾರ ವಾಪಸ್ ಬಂದದ್ದನ್ನು ಈ ವಾರ ಮುಚ್ಚಿದ್ದರಿಂದ ಭಾಗಿಸಿಬಿಡುತ್ತಾರೆ. ಹಬ್ಬ ಅಂತ ಎರಡು ದಿನ ರಜೆ ಇದ್ದು ಮುಚ್ಚಿದ ಕೆಲಸ ಕಡಿಮೆಯಾದರೆ, ಹಿಂದಿನ ವಾರದ ತಪ್ಪುಗಳೆಲ್ಲ ಈ ವಾರದ ತಲೆ ಮೇಲೆ ಬಂದು ದರ ಸುಮ್ನೆ ಏರಿಬಿಡುತ್ತದೆ. ಅದಕ್ಕೆ ಕೆಲಸ ಮೊದಲ ಸಲ ಯಾವ ವಾರ ಮುಚ್ಚಿತೋ ಆ ವಾರದ ಲೆಕ್ಕಕ್ಕೇ ಅದನ್ನು ಹಾಕಿ. 14 ದಿನದೊಳಗೆ ವಾಪಸ್ ಬಂದರೆ ಮಾತ್ರ ಎಣಿಸಿ, ಆ 14 ದಿನ ಕಳೆಯುವ ತನಕ ಆ ವಾರದ ದರ ನೋಡಲೇಬೇಡಿ. ನಿಮ್ಮ ವ್ಯಾಪಾರಿಗಳು ತಡವಾಗಿ ನೋಡುವವರಾದರೆ ಅವಧಿ 30 ದಿನ ಇಟ್ಟುಕೊಳ್ಳಿ, ಆದರೆ ಆಮೇಲೆ ಬದಲಿಸುತ್ತಾ ಹೋಗಬೇಡಿ.

ಶೀಟ್‌ನಲ್ಲಿ B ಕಾಲಂಗೆ ಮೊದಲು ಮುಚ್ಚಿದ ತಾರೀಕು, C ಕಾಲಂಗೆ ಎಷ್ಟು ದಿನಕ್ಕೆ ವಾಪಸ್ ಬಂತು ಅನ್ನೋದು. ಬರದೇ ಇದ್ದರೆ C ಖಾಲಿ. G1, G2ರಲ್ಲಿ ವಾರದ ಮೊದಲ ಮತ್ತು ಕೊನೆಯ ದಿನ ಹಾಕಿದರೆ ಇದು ಸಾಕು:

```
=COUNTIFS(B:B,">="&G1,B:B,"<="&G2,C:C,"<=14")/COUNTIFS(B:B,">="&G1,B:B,"<="&G2)
```

ತಿದ್ದಿ ಮತ್ತೆ ಮುಚ್ಚಿದಾಗ B ತಾರೀಕನ್ನು ಮುಟ್ಟಬಾರದು. ಮುಟ್ಟಿದರೆ ಹಳೇ ತಪ್ಪು ಹೊಸ ವಾರಕ್ಕೆ ಜಾರುತ್ತದೆ. ಒಂದೇ ಕಟ್ಟು ಮೂರು ಸಲ ವಾಪಸ್ ಬಂದರೂ ಈ ದರಕ್ಕೆ ಅದು ಒಂದೇ. ಇನ್ನು, 'ಇನ್ನೊಂದು ಬಿಲ್ ಉಳಿದಿತ್ತು, ಸೇರಿಸಿ' ಅಂತ ವ್ಯಾಪಾರಿ ಕಳಿಸಿದರೆ ಅದು ತಪ್ಪಲ್ಲ, ಹೊಸ ಕೆಲಸ. C ಖಾಲಿ ಬಿಡಿ.

ಕಾರಣ ಬರೆಸೋದು

ವಾಪಸ್ ಕಳಿಸುವವರು ಅದೇ ಹೊತ್ತಿಗೆ ಒಂದು ಸಾಲು ಬರೆಯಬೇಕು. 'ತಪ್ಪಿದೆ, ನೋಡಿ' ಅನ್ನೋದು ಕಾರಣ ಅಲ್ಲ. 'ಬಿಲ್ಲಿನಲ್ಲಿ 402 ಕೆಜಿ, ಏರಿಸಿದ್ದು 412' ಅನ್ನೋದು ಕಾರಣ. ಆರಿಸಿಕೊಳ್ಳೋಕೆ ಪಟ್ಟಿ ಕೊಟ್ಟರೆ ಎಲ್ಲರೂ 'ಇತರೆ' ಒತ್ತುತ್ತಾರೆ, ಹಾಗಾಗಿ ಮೊದಲ ಕೆಲವು ವಾರ ಅವರ ಮಾತಲ್ಲೇ ಬರೆಯಲಿ. ಆಮೇಲೆ ಒಬ್ಬರೇ ಕೂತು ಗುಂಪು ಮಾಡಲಿ. ಇಬ್ಬರು ಮಾಡಿದರೆ ಎರಡು ತರ ಗುಂಪಾಗುತ್ತದೆ.

ಈಗ ಜಾಡು ಹಿಡಿಯಿರಿ

ನಮ್ಮ ಆಫೀಸಿನಲ್ಲಿ ಒಂದು ತಿಂಗಳಿಗೆ 200 ಕಟ್ಟು ಮುಚ್ಚಿವೆ, 26 ವಾಪಸ್ ಬಂದಿವೆ ಅನ್ನೋಣ. ಎರಡು ಕಟ್ಟಿಗೆ ವ್ಯಾಪಾರಿಯೇ ತಡವಾಗಿ ಬಿಲ್ ಕಳಿಸಿದ್ದ, ಅವನ್ನು ಬಿಡಿ. ಉಳಿದದ್ದು 24, ಅಂದ್ರೆ ಶೇ 12. ಈ 12 ಅನ್ನೋ ಅಂಕಿ ಒಂದೇ ನೋಡಿದರೆ ಏನೂ ತಿಳಿಯಲ್ಲ. ಗುಂಪು ಮಾಡಿದಾಗ 13 ತೂಕದ ತಪ್ಪು, 6 ಅಂಕಿ ಓದಿದ ತಪ್ಪು, ಉಳಿದ 5 ಚಿಲ್ಲರೆ.

ಪ್ರತಿ ಗುಂಪಿಗೂ ಮೊದಲ ಪ್ರಶ್ನೆ: ಯಾರ್‍ಯಾರು ಮಾಡಿದ್ದಾರೆ? ತೂಕದ ತಪ್ಪು ಏಳು ಜನರಲ್ಲಿ ಆರು ಜನರಿಂದ ಬಂದಿದೆ, ವರ್ಷಗಟ್ಟಲೆ ಕೆಲಸ ಮಾಡಿದವರೂ ಅದರಲ್ಲಿದ್ದಾರೆ. ಹಳಬರೂ ಹೊಸಬರೂ ಒಂದೇ ಕಡೆ ಎಡವಿದರೆ ಸೂಚನೆ ಮೇಲೆ ಅನುಮಾನ ಪಡಬೇಕು. ಸೂಚನಾ ಹಾಳೆ ತೆಗೆದು ನೋಡಿದರೆ 'ತೂಕದ ಕಾಲಂನಲ್ಲಿ ತೂಕ ಬರೆಯಿರಿ' ಅಂತಷ್ಟೇ ಇದೆ. ಬಿಲ್ಲಿನಲ್ಲಿ ನೋಡಿದರೆ ಎರಡು ತೂಕ! ಒಟ್ಟು 412 ಕೆಜಿ, ಚೀಲದ ತೂಕ 10 ಕಳೆದು ನಿವ್ವಳ 402.

ಅನುಮಾನ ಖಚಿತ ಮಾಡಿಕೊಳ್ಳೋಕೆ ಒಂದು ಪರೀಕ್ಷೆ ಇದೆ. ಪಳಗಿದ ಇಬ್ಬರಿಗೆ ಅದೇ ಬಿಲ್, ಅದೇ ಹಾಳೆ ಕೊಟ್ಟು ಬೇರೆ ಬೇರೆ ಕೂರಿಸಿ ಏರಿಸಲು ಹೇಳಿ, ಬಾಯಿಮಾತಿನ ಸಹಾಯ ಬೇಡ. ಒಬ್ಬರು 412, ಇನ್ನೊಬ್ಬರು 402 ಹಾಕಿದರೆ ಹಾಳೆಯದೇ ತಪ್ಪು. "ಯಾವ ತೂಕರೀ ಸರ?" ಅಂತ ಒಬ್ಬರು ಕೇಳಿದರೂ ಅದೇ ಉತ್ತರ. ತರಬೇತಿ ಕೊಟ್ಟರೆ ಇದು ಹೋಗಲ್ಲ, ಯಾಕಂದ್ರೆ ಕಲಿಸುವವರ ತಲೆಯಲ್ಲೂ ಒಂದೊಂದು ತೂಕ ಇರುತ್ತದೆ.

ಸೂಚನೆ ತಿದ್ದುವಾಗ 'ಸರಿಯಾದ ತೂಕ' ಅಂತ ಬರೆದರೆ ಪ್ರಯೋಜನವಿಲ್ಲ. ಏರಿಸುವವರೇ ತಾಳೆ ನೋಡುವ ಹಾಗೆ ಬರೆಯಿರಿ: 'ದರದಿಂದ ಗುಣಿಸಿದರೆ, ಹಮಾಲಿ ಮತ್ತು ಕಮಿಷನ್ ಸೇರಿಸುವ ಮೊದಲಿನ ಮೊತ್ತ ಬರುವ ತೂಕವನ್ನೇ ಹಾಕಿ.' ಕ್ವಿಂಟಲ್‌ಗೆ 20,000 ರೂಪಾಯಿ ದರ ಇದ್ದರೆ 402 ಕೆಜಿಗೆ 80,400 ಬರುತ್ತದೆ, 412 ಹಾಕಿದರೆ 82,400. ಬಿಲ್ಲಿನಲ್ಲಿ 80,400 ಇದೆ ಅಲ್ವಾ, ಮುಗೀತು. ಪಕ್ಕದಲ್ಲೇ ಒಂದು ನಿಜವಾದ ಬಿಲ್ಲಿನ ಫೋಟೊಗೆ ಗೆರೆ ಎಳೆದು ಅಂಟಿಸಿ.

ಇನ್ನು ಆ 6 ಅಂಕಿ ತಪ್ಪುಗಳು. ಎಲ್ಲವೂ ಇಬ್ಬರದೇ, ಇಬ್ಬರೂ ಹೊಸಬರು. ಬಿಲ್‌ಗಳನ್ನು ಒಟ್ಟಿಗೆ ಹರಡಿ ನೋಡಿದರೆ ಆರಕ್ಕೆ ಆರೂ ಕೈಬರಹದವು, ಕನ್ನಡ ಅಂಕಿಯವು. ಅವಸರದಲ್ಲಿ ಬರೆದ ೬ ಮತ್ತು ೯ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಹಳಬರಿಗೆ ಇದು ರೂಢಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ಹುಡುಗರಿಗೆ ಇಲ್ಲ. ಹಾಳೆ ಸರಿಯಾಗೇ ಇದೆ, ಉಳಿದ ಐದು ಜನ ಅದೇ ಹಾಳೆ ಇಟ್ಟುಕೊಂಡು ತಪ್ಪಿಲ್ಲದೆ ಮಾಡುತ್ತಿದ್ದಾರೆ, ಹಾಗಾಗಿ ಇದು ತರಬೇತಿಯ ಕೊರತೆ. ಎಲ್ಲರನ್ನೂ ಅರ್ಧ ದಿನ ಕೂರಿಸಿ ಕ್ಲಾಸ್ ಮಾಡೋದು ಬೇಡ. ಆ ಇಬ್ಬರಿಗೆ ಹಳೇ ಬಿಲ್ 20 ಕೊಟ್ಟು ಅಂಕಿ ಓದಿಸಿ, ಉತ್ತರ ತಾಳೆ ಹಾಕಿ. 20ರಲ್ಲಿ 20 ಬರುವ ತನಕ ಕೈಬರಹದ ಕಟ್ಟು ಅವರಿಗೆ ಹೋಗದಿರಲಿ.

ಚಿಲ್ಲರೆ 5ರ ಹಿಂದೆ ಬೀಳಬೇಡಿ. ಒಬ್ಬೊಬ್ಬರದು ಒಂದೊಂದು, ಮತ್ತೆ ಮತ್ತೆ ಬರದಿದ್ದರೆ ಅದು ಕಣ್ತಪ್ಪು ಅಷ್ಟೇ. ಒಂದು ಮಾತ್ರ ನೋಡಿಕೊಳ್ಳಿ: ಎಲ್ಲವನ್ನೂ ಒಬ್ಬ ಚೆಕರ್ ಮಾತ್ರ ವಾಪಸ್ ಕಳಿಸಿದ್ದರೆ, ತಪ್ಪು ಏರಿಸಿದವರದಾ ಅಥವಾ ಚೆಕರ್ ತಮ್ಮದೇ ನಿಯಮ ಇಟ್ಟುಕೊಂಡಿದ್ದಾರಾ ಅಂತ. ಒಂದೇ ಕಟ್ಟನ್ನು ಇಬ್ಬರು ಚೆಕರ್‌ಗೆ ಕೊಟ್ಟರೆ ಗೊತ್ತಾಗುತ್ತದೆ.

ದರ ಇಳಿದರೆ ನಂಬಬೇಕಾ?

ಸೂಚನೆ ಬದಲಿಸಿದ ತಾರೀಕು ಬರೆದಿಟ್ಟು, ಆಮೇಲೆ ಮುಚ್ಚಿದ ಕಟ್ಟುಗಳಲ್ಲಿ ತೂಕದ ಗುಂಪು ಮಾತ್ರ ಎಷ್ಟಾಯಿತು ನೋಡಿ. ಅದೇ ವಾರ ಬೇರೆ ಏನನ್ನೂ ಬದಲಿಸಬೇಡಿ, ಬದಲಿಸಿದರೆ ಯಾವುದರಿಂದ ಇಳಿಯಿತು ಗೊತ್ತಾಗಲ್ಲ. ಒಬ್ಬರೊಬ್ಬರ ದರ ತೆಗೆದು ಗೋಡೆಗೆ ಅಂಟಿಸೋದಂತೂ ಬೇಡವೇ ಬೇಡ. ವಾರಕ್ಕೆ ಹತ್ತು ಕಟ್ಟು ಮಾಡುವವರಿಗೆ ಒಂದು ವಾಪಸ್ ಬಂದರೆ ಶೇ 10, ಎರಡು ಬಂದರೆ ಶೇ 20. ಈ ವ್ಯತ್ಯಾಸಕ್ಕೆ ಅರ್ಥವಿಲ್ಲ.

ಅಂಟಿಸಿದರೆ ಇನ್ನೊಂದು ಆಟ ಶುರುವಾಗುತ್ತದೆ. ಚೆಕರ್ ವಾಪಸ್ ಕಳಿಸದೆ "ಲಗೂ ಒಂದ್ ಸಲ ಸರಿ ಮಾಡು ಮಾರಾಯಾ" ಅಂತ ಮೆಲ್ಲಗೆ ಹೇಳಿ ಮುಗಿಸುತ್ತಾರೆ, ಇಲ್ಲವೇ ಹಳೇದನ್ನು ಮುಚ್ಚಿಯೇ ಇಟ್ಟು ಹೊಸ ಕೆಲಸ ತೆರೆಯುತ್ತಾರೆ. ದರ ಚೆಂದ ಇಳಿಯುತ್ತದೆ, ತಪ್ಪು ಹಾಗೇ ಇರುತ್ತದೆ. ಹಿಡಿಯೋದು ಕಷ್ಟ ಅಲ್ಲ. ಒಂದೇ ವ್ಯಾಪಾರಿ, ಒಂದೇ ಬಿಲ್ ನಂಬರ್ ಎರಡು ಕೆಲಸದಲ್ಲಿ ಕಾಣುತ್ತಿದೆಯಾ ಹುಡುಕಿ. ಜೊತೆಗೆ ವಾರಕ್ಕೊಮ್ಮೆ ಮುಚ್ಚಿದ ಕಟ್ಟುಗಳಲ್ಲಿ ಹತ್ತನ್ನು ಕಣ್ಣುಮುಚ್ಚಿ ಎತ್ತಿ, ಬಿಲ್ ಪಕ್ಕಕ್ಕಿಟ್ಟು ನೀವೇ ತಾಳೆ ನೋಡಿ. ಕೆಲವು ವಾರ ಹೀಗೆ ನೋಡಿದ ಮೇಲೂ ದರ ಇಳಿಯುತ್ತಾ, ನೀವು ಎತ್ತಿದ ಕಟ್ಟುಗಳಲ್ಲಿ ತಪ್ಪು ಮೊದಲಿನಷ್ಟೇ ಸಿಗುತ್ತಿದ್ದರೆ, ಇಳಿದದ್ದು ತಪ್ಪಲ್ಲ, ವಾಪಸ್ ಕಳಿಸೋದು ಮಾತ್ರ.