ದಮ್ಮಾಮ್‌ನಿಂದ ಬಂದ ಡಾಲರ್ ಯಾವಾಗ ಹೊಸ ರೂಪಾಯಿ ಆಗುತ್ತದೆ: ನಾನು ಲೆಕ್ಕ ಇಟ್ಟ ಬಗೆ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹಣ ಪೂರೈಕೆಯ ಪಾಠದ ದಿನ ಚಿತ್ತಾಪುರದ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ನಮ್ಮ ಕಾಕಾ ದಮ್ಮಾಮ್‌ದಿಂದ ರೊಕ್ಕ ಕಳಸ್ತಾರ. ಅದು ಬಂದಾಗ ನಮ್ಮ ದೇಶದಾಗ ರೊಕ್ಕ ಜಾಸ್ತಿ ಆಗ್ತದೇನ್ರಿ?"

ನಾನು ಹೇಳಿದೆ, "ಆ ಡಾಲರ್ ಕಡೀಗೆ ಯಾರ ಕೈ ಸೇರಿತು ಅಂತ ನೋಡಬೇಕಮ್ಮ." ಉತ್ತರ ಸರಿಯಿತ್ತು. ಆದರೆ ಅದನ್ನು ಲೆಕ್ಕದಲ್ಲಿ ತೋರಿಸಲು ಆ ದಿನ ನನ್ನ ಹತ್ತಿರ ಏನೂ ಇರಲಿಲ್ಲ. ಆಮೇಲೆ ಮನೆಯಲ್ಲಿ ಕೂತು ಒಂದು ಎಕ್ಸೆಲ್ ಹಾಳೆ ಶುರು ಮಾಡಿದೆ. ಅದರಲ್ಲಿ ಎಲ್ಲಿ ಎಡವಿದೆ, ಹೇಗೆ ಸರಿ ಮಾಡಿಕೊಂಡೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹುಡುಗಿಯ ಕಾಕಾನ ರೊಕ್ಕವನ್ನೇ ಹಿಂಬಾಲಿಸಿದೆವು. ಅವರು 1,000 ಡಾಲರ್‌ನಷ್ಟು ಕಳಿಸಿದರು, ದರ 85 ರೂಪಾಯಿ ಅಂತ ಇಟ್ಟುಕೊಳ್ಳೋಣ. ಊರಿನ ಬ್ಯಾಂಕು ಮನೆಯವರ ಖಾತೆಗೆ 85,000 ರೂಪಾಯಿ ಜಮಾ ಮಾಡುತ್ತದೆ. ಡಾಲರ್ ಊರಿಗೆ ಬರುವುದಿಲ್ಲ, ಆ ಬ್ಯಾಂಕು ವಿದೇಶದಲ್ಲಿ ಇಟ್ಟಿರುವ ಖಾತೆಯಲ್ಲೇ ಇರುತ್ತದೆ. ಬ್ಯಾಂಕಿಗೆ ಅದನ್ನು ಇಟ್ಟುಕೊಂಡು ಏನೂ ಆಗಬೇಕಿಲ್ಲ. ಮಾರುತ್ತದೆ.

ಇಲ್ಲಿಂದ ದಾರಿ ಎರಡಾಗುತ್ತದೆ. ನಮ್ಮ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಗೊತ್ತಿರುವವರಿಗೆ ಮೊದಲ ದಾರಿ ಕೂಡಲೇ ಅರ್ಥವಾಗುತ್ತದೆ. ಇಲ್ಲಿ ಬೆಳೆ ಕಡಿಮೆಯಾದ ವರ್ಷ ಮ್ಯಾನ್ಮಾರ್‌ನಿಂದಲೋ ಮೊಜಾಂಬಿಕ್‌ನಿಂದಲೋ ತೊಗರಿ ತರಿಸುತ್ತಾರೆ. ತರಿಸುವ ವ್ಯಾಪಾರಿಗೆ ಡಾಲರ್ ಬೇಕು. ಅವನು ತನ್ನ ಖಾತೆಯಿಂದ 85,000 ಕೊಟ್ಟು ಅದೇ 1,000 ಡಾಲರ್ ಕೊಳ್ಳುತ್ತಾನೆ. ಒಂದು ಖಾತೆಯಲ್ಲಿ 85,000 ಏರಿತು, ಇನ್ನೊಂದರಲ್ಲಿ ಅಷ್ಟೇ ಇಳಿಯಿತು. ದೇಶದ ಹಣ ಎಷ್ಟಿತ್ತೋ ಅಷ್ಟೇ ಉಳಿಯಿತು.

ಎರಡನೇ ದಾರಿಯಲ್ಲಿ ಕೊಳ್ಳುವವರು ರಿಸರ್ವ್ ಬ್ಯಾಂಕ್. ಪ್ರತಿ ಬ್ಯಾಂಕಿಗೂ ಅಲ್ಲಿ ಒಂದು ಖಾತೆ ಇರುತ್ತದೆ. ಆ ಖಾತೆಗೆ ರಿಸರ್ವ್ ಬ್ಯಾಂಕ್ 85,000 ಜಮಾ ಮಾಡುತ್ತದೆ. ಈ ರೂಪಾಯಿಯನ್ನು ಬೇರೆ ಯಾರ ಖಾತೆಯಿಂದಲೂ ತೆಗೆದಿಲ್ಲ. ಬರೆದಾಗ ಹುಟ್ಟಿದ ಹಣ ಅದು. ರಿಸರ್ವ್ ಮನಿ ಅಂತ ಕರೆಯುವುದು ಇದನ್ನೇ. ಕಾಕಾನ ಮನೆಯವರ ಖಾತೆಯಲ್ಲಿ 85,000 ಹಾಗೇ ಇದೆ, ಬ್ಯಾಂಕಿನ ಕೈಯಲ್ಲೂ ಸಾಲ ಕೊಡಲು ಹೊಸ ಹಣ ಬಂದಿದೆ. ಡಾಲರ್ ಒಳಗೆ ಬಂತು ಅನ್ನುವುದಷ್ಟೇ ಸಾಲದು, ಅದನ್ನು ರಿಸರ್ವ್ ಬ್ಯಾಂಕ್ ಕೊಂಡಿರಬೇಕು.

ಹಾಗಾದರೆ ದೇಶದ ಮಟ್ಟದಲ್ಲಿ ಎಷ್ಟು ಕೊಂಡರು, ಎಷ್ಟು ರೂಪಾಯಿ ಹುಟ್ಟಿತು? ರಿಸರ್ವ್ ಬ್ಯಾಂಕ್ ಪ್ರತಿ ಶುಕ್ರವಾರ ಒಂದು ಸಾಪ್ತಾಹಿಕ ಅಂಕಿಅಂಶ ಪುರವಣಿ ಹಾಕುತ್ತದೆ. ಅದರಲ್ಲಿ Reserve Money: Components and Sources ಅನ್ನುವ ಪಟ್ಟಿ ಇದೆ. ರಿಸರ್ವ್ ಮನಿ ಎಲ್ಲಿಂದ ಬಂತು ಅಂತ ಅದು ಸಾಲು ಸಾಲಾಗಿ ತೋರಿಸುತ್ತದೆ. ಸರ್ಕಾರಕ್ಕೆ ಕೊಟ್ಟ ನಿವ್ವಳ ಸಾಲ ಒಂದು ಸಾಲು, ಬ್ಯಾಂಕುಗಳಿಗೆ ಕೊಟ್ಟದ್ದು ಇನ್ನೊಂದು, ವಿದೇಶಿ ಆಸ್ತಿ ಮತ್ತೊಂದು. ನಾನು ವಿದೇಶಿ ಆಸ್ತಿಯ ಸಾಲನ್ನು ಹಿಡಿದೆ. ಈ ವರ್ಷದ್ದರಲ್ಲಿ ಹೋದ ವರ್ಷದ್ದನ್ನು ಕಳೆದೆ, ಬಂದ ವ್ಯತ್ಯಾಸವೇ ಹುಟ್ಟಿದ ಹಣ ಅಂದುಕೊಂಡೆ.

ತಪ್ಪಾಗಿದ್ದೇ ಇಲ್ಲಿ. 2024-25ರ ಲೆಕ್ಕ ಹಾಕಿದಾಗ ಅದು ಕಣ್ಣಿಗೆ ಬಿತ್ತು. ನನ್ನ ಹಾಳೆಯ ಪ್ರಕಾರ ವಿದೇಶಿ ಆಸ್ತಿ ರೂಪಾಯಿ ಲೆಕ್ಕದಲ್ಲಿ ಏರಿತ್ತು. ಅಂದರೆ ರಿಸರ್ವ್ ಬ್ಯಾಂಕ್ ಡಾಲರ್ ಕೊಂಡು ರೂಪಾಯಿ ಹೊರಗೆ ಬಿಟ್ಟಿರಬೇಕು, ಅಲ್ವಾ? ಆದರೆ ಆ ವರ್ಷ ಅದು ನಿವ್ವಳವಾಗಿ ಸುಮಾರು 3,450 ಕೋಟಿ ಡಾಲರ್ ಮಾರಿತ್ತು. ಕೊಂಡದ್ದಲ್ಲ, ಮಾರಿದ್ದು. ಮಾರಿದರೆ ರೂಪಾಯಿ ವಾಪಸ್ ರಿಸರ್ವ್ ಬ್ಯಾಂಕಿನೊಳಗೆ ಹೋಗುತ್ತದೆ. ನನ್ನ ಹಾಳೆ ಪೂರ್ತಿ ಉಲ್ಟಾ ಹೇಳುತ್ತಿತ್ತು.

ಕಾರಣ ಬೆಲೆ. ಒಂದು ಸುಲಭ ಲೆಕ್ಕ ನೋಡಿ. ರಿಸರ್ವ್ ಬ್ಯಾಂಕಿನ ಹತ್ತಿರ 60,000 ಕೋಟಿ ಡಾಲರ್ ಇದೆ ಅಂದುಕೊಳ್ಳಿ. ಡಾಲರ್ ದರ 83ರಿಂದ 85ಕ್ಕೆ ಹೋಯಿತು. ಒಂದೇ ಒಂದು ಡಾಲರ್ ಕೊಳ್ಳದೆ ರೂಪಾಯಿ ಲೆಕ್ಕದ ಆಸ್ತಿ 1,20,000 ಕೋಟಿ ಏರುತ್ತದೆ. ಮೀಸಲಿನಲ್ಲಿ ಚಿನ್ನವೂ ಇದೆ, ಅದರ ಬೆಲೆ ಏರಿದರೂ ಹೀಗೇ. ಮನೆಯಲ್ಲಿಟ್ಟ ಬಂಗಾರದ ಬೆಲೆ ಏರಿತು ಅಂತ ನಮ್ಮ ಖಾತೆಯಲ್ಲಿ ರೊಕ್ಕ ಏರುವುದಿಲ್ಲವಲ್ಲ. ರಿಸರ್ವ್ ಬ್ಯಾಂಕ್ ಈ ಲಾಭವನ್ನು ಹೊಣೆಗಾರಿಕೆಯ ಕಡೆ ಒಂದು ಮರುಮೌಲ್ಯಮಾಪನ ಖಾತೆಯಲ್ಲಿ ಇಡುತ್ತದೆ. ಅದೇ ಪಟ್ಟಿಯ ಕೆಳಗಿನ ಸಾಲಿನಲ್ಲಿ, ಹಣವಲ್ಲದ ಹೊಣೆಗಾರಿಕೆ ಅನ್ನುವಲ್ಲಿ, ಅದು ಕಳೆದು ಹೋಗುತ್ತದೆ. ನಾನು ಮೇಲಿನ ಸಾಲು ಮಾತ್ರ ನೋಡಿದ್ದೆ.

ಈಗ ನಾನು ಗುರುತು ಹಿಡಿಯುವುದು ಹೀಗೆ. ಮೇಲಿನ ಸಾಲು ಮತ್ತು ಕೆಳಗಿನ ಸಾಲು ಜೊತೆಜೊತೆಗೇ ಹೆಚ್ಚುಕಡಿಮೆ ಅಷ್ಟೇ ಏರಿದ್ದರೆ ಅದು ಬೆಲೆಯ ಏರಿಕೆ. ನಿಜವಾದ ಖರೀದಿಗೆ ಬೇರೆ ಪಟ್ಟಿ ಬೇಕು. ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿ Sale/Purchase of U.S. Dollar by the RBI ಅಂತ ಇದೆ. ಎಷ್ಟು ಕೊಂಡರು, ಎಷ್ಟು ಮಾರಿದರು, ಒಪ್ಪಂದದ ದರದಲ್ಲಿ ಅದು ಎಷ್ಟು ರೂಪಾಯಿ, ಎಲ್ಲವೂ ಅಲ್ಲಿದೆ. ಎರಡು ತಿಂಗಳು ತಡವಾಗಿ ಬರುತ್ತದೆ, ಅದೊಂದೇ ಕೊರತೆ. ತಡವಾದರೂ ಪರವಾಗಿಲ್ಲ, ಸರಿಯಾದ ಅಂಕಿ ಮುಖ್ಯ.

ಹಾಳೆ ಸರಿಯಾದ ಮೇಲೆ ವಿದ್ಯಾರ್ಥಿಗಳ ಜೊತೆ 2007-08ನ್ನು ಬಿಡಿಸಿದೆವು. ಭಾರತಕ್ಕೆ ಡಾಲರ್ ಪ್ರವಾಹದ ಹಾಗೆ ಬಂದ ವರ್ಷ ಅದು. ರಿಸರ್ವ್ ಬ್ಯಾಂಕ್ ನಿವ್ವಳವಾಗಿ ಸುಮಾರು 7,820 ಕೋಟಿ ಡಾಲರ್ ಕೊಂಡಿತು. ಅದಕ್ಕೆ ಬಿಟ್ಟ ರೂಪಾಯಿ ಸುಮಾರು 3.12 ಲಕ್ಷ ಕೋಟಿ. ವರ್ಷದ ಶುರುವಿನಲ್ಲಿ ದೇಶದ ಇಡೀ ರಿಸರ್ವ್ ಮನಿ ಇದ್ದದ್ದೇ 7.09 ಲಕ್ಷ ಕೋಟಿ. ಏನೂ ಮಾಡದೆ ಬಿಟ್ಟಿದ್ದರೆ ಒಂದೇ ವರ್ಷದಲ್ಲಿ ಅದು ಶೇ 44ರಷ್ಟು ಏರುತ್ತಿತ್ತು.

ಹಾಕಿದ ಹಣವನ್ನು ಹಿಂದಕ್ಕೆ ಎಳೆದುಕೊಳ್ಳಲು ಎಂಎಸ್‌ಎಸ್ ಬಳಸಿದರು. ಮಾರ್ಕೆಟ್ ಸ್ಟೆಬಿಲೈಸೇಷನ್ ಸ್ಕೀಮ್ ಅಂತ 2004ರ ಏಪ್ರಿಲ್‌ನಲ್ಲಿ ಶುರುವಾದ ವ್ಯವಸ್ಥೆ ಅದು. ಸರ್ಕಾರದ ಹೆಸರಿನಲ್ಲಿ ಬಾಂಡ್ ಮಾರುತ್ತಾರೆ, ಬ್ಯಾಂಕುಗಳು ರೂಪಾಯಿ ಕೊಟ್ಟು ಕೊಳ್ಳುತ್ತವೆ. ಆ ರೂಪಾಯಿಯನ್ನು ಸರ್ಕಾರ ಖರ್ಚು ಮಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂಡಿಡಬೇಕು. ಬಡ್ಡಿ ಮಾತ್ರ ಸರ್ಕಾರವೇ ಕಟ್ಟಬೇಕು. ಆ ವರ್ಷ ಎಂಎಸ್‌ಎಸ್ ಬಾಕಿ ಸುಮಾರು 63,000 ಕೋಟಿಯಿಂದ 1.68 ಲಕ್ಷ ಕೋಟಿಗೆ ಹೋಯಿತು. ಅಂದರೆ 1.05 ಲಕ್ಷ ಕೋಟಿ ಹಿಂದಕ್ಕೆ ಬಂತು.

ಇದರ ಗುರುತು ಪಟ್ಟಿಯಲ್ಲಿ ಎಲ್ಲಿ ಸಿಗುತ್ತದೆ ಅನ್ನುವುದು ನನಗೆ ತುಂಬ ಇಷ್ಟವಾದ ಭಾಗ. ವಿದೇಶಿ ಆಸ್ತಿಯ ಸಾಲಿನಲ್ಲಿ ಅಲ್ಲ, ಸರ್ಕಾರಕ್ಕೆ ಕೊಟ್ಟ ನಿವ್ವಳ ಸಾಲದ ಸಾಲಿನಲ್ಲಿ. ಕೂಡಿಟ್ಟ ಹಣ ಅಲ್ಲಿ ಕಳೆದು ಹೋಗುತ್ತದೆ. 2007ರ ಮಾರ್ಚ್‌ನಲ್ಲಿ ಆ ಸಾಲು ಸೊನ್ನೆಯ ಹತ್ತಿರ ಇತ್ತು, 2008ರ ಮಾರ್ಚ್‌ಗೆ ಮೈನಸ್ 1 ಲಕ್ಷ ಕೋಟಿಗೂ ಕೆಳಗೆ ಹೋಗಿತ್ತು. ಒಬ್ಬ ಹುಡುಗ ಅದನ್ನು ನೋಡಿ ಸರ್ಕಾರ ಸಾಲ ತೀರಿಸಿಬಿಟ್ಟಿತು ಅಂತ ಬರೆದ. ಅವನ ತಪ್ಪಲ್ಲ, ಸಾಲಿನ ಹೆಸರೇ ಹಾಗಿದೆ.

ಈಗ ಕಳೆಯೋಣ. 3.12ರಲ್ಲಿ 1.05 ಹೋದರೆ 2.07 ಲಕ್ಷ ಕೋಟಿ. ಆ ವರ್ಷ ರಿಸರ್ವ್ ಮನಿ ನಿಜಕ್ಕೂ ಏರಿದ್ದು ಸುಮಾರು 2.19 ಲಕ್ಷ ಕೋಟಿ, ಶೇ 31. ಉಳಿದ ಸಣ್ಣ ವ್ಯತ್ಯಾಸ ಬೇರೆ ಸಾಲುಗಳದ್ದು. ಎರಡು ಅಂಕಿ ಇಷ್ಟು ಹತ್ತಿರ ಬಂದಾಗ ಕ್ಲಾಸಿನಲ್ಲಿ ಎಲ್ಲರ ಮುಖ ಅರಳಿತು. ನನಗೂ ಸಮಾಧಾನ ಆಯಿತು.

ಆದರೆ ಶೇ 31 ಅನ್ನುವುದನ್ನು ನೋಡಿ ಜನರ ಕೈಯಲ್ಲಿ ಹಣ ಅಷ್ಟು ಏರಿತು ಅನ್ನಬಾರದು. ಸಿಆರ್‌ಆರ್ ನೋಡಬೇಕು. ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ಮುಟ್ಟದೆ ಇಡಬೇಕಾದ ನಿಯಮ ಅದು. ಆ ವರ್ಷ ಅದನ್ನು ಶೇ 6ರಿಂದ 7.5ಕ್ಕೆ ಏರಿಸಿದರು. ಆಗ ಬ್ಯಾಂಕ್ ಠೇವಣಿ ಸುಮಾರು 30 ಲಕ್ಷ ಕೋಟಿ. ಅದರ ಶೇ 1.5 ಅಂದರೆ 45,000 ಕೋಟಿ. ಈ ಹಣ ರಿಸರ್ವ್ ಮನಿಯ ಲೆಕ್ಕದಲ್ಲಿ ಇರುತ್ತದೆ, ಆದರೆ ಸಾಲವಾಗಿ ಹೊರಗೆ ಹೋಗುವುದಿಲ್ಲ. ಹಾಗಾಗಿ ರಿಸರ್ವ್ ಮನಿ ಶೇ 31 ಏರಿದರೂ, ನೋಟು ಮತ್ತು ಠೇವಣಿ ಎಲ್ಲ ಸೇರಿದ ಎಂ3 ಏರಿದ್ದು ಶೇ 21ರಷ್ಟು. ಇದೂ ಕಮ್ಮಿ ಏನಲ್ಲ.

ಎಳೆದುಕೊಳ್ಳುವುದು ಸಾಲದೆ ಹೋದರೆ ಹೇಗೆ ಗೊತ್ತಾಗುತ್ತದೆ? ನಾನು ಕಾಲ್ ದರ ನೋಡುತ್ತೇನೆ, ಬ್ಯಾಂಕುಗಳು ಒಂದು ರಾತ್ರಿಗೆ ಒಬ್ಬರಿಗೊಬ್ಬರು ಕೊಡುವ ಸಾಲದ ಬಡ್ಡಿ. ಬ್ಯಾಂಕುಗಳು ಮಿಕ್ಕ ಹಣವನ್ನು ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿಗೆ ಇಡುವ ವ್ಯವಸ್ಥೆಗೆ ರಿವರ್ಸ್ ರೆಪೊ ಅನ್ನುತ್ತಾರೆ. 2007ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಅದರಲ್ಲಿ ದಿನಕ್ಕೆ ಎಲ್ಲ ಬ್ಯಾಂಕು ಸೇರಿ 3,000 ಕೋಟಿ ಮಾತ್ರ ಇಡಬಹುದು ಅಂತ ಮಿತಿ ಇತ್ತು. ಡಾಲರ್ ಖರೀದಿಯ ಹಣ ಬರುತ್ತಲೇ ಇತ್ತು, ಇಡಲು ಜಾಗ ಇಲ್ಲ. ರಿವರ್ಸ್ ರೆಪೊ ದರ ಶೇ 6 ಇದ್ದಾಗ ಜುಲೈನಲ್ಲಿ ಕಾಲ್ ದರ ಶೇ 1ಕ್ಕಿಂತ ಕೆಳಗೆ ಬಿತ್ತು. ಆಗಸ್ಟ್ 6ರಿಂದ ಮಿತಿ ತೆಗೆದರು. ಆ ಒಂದು ಅಂಕಿ ನೋಡಿದರೆ ಸಾಕು, ಹಣ ಎಷ್ಟು ತುಂಬಿ ಹರಿಯುತ್ತಿತ್ತು ಅಂತ ತಿಳಿಯುತ್ತದೆ.

ಇನ್ನೊಂದು ಕಾಲಂ ಇತ್ತೀಚೆಗೆ ಸೇರಿಸಿದ್ದೇನೆ, ಸ್ವಾಪ್‌ಗೆ. 2025ರ ಫೆಬ್ರವರಿ 28ರಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಂದ 1,000 ಕೋಟಿ ಡಾಲರ್ ತೆಗೆದುಕೊಳ್ಳುವ ಹರಾಜು ನಡೆಸಿತು. ಆದರೆ ಮೂರು ವರ್ಷಕ್ಕೆ ಮಾತ್ರ. ಆಮೇಲೆ ಡಾಲರ್ ವಾಪಸ್, ರೂಪಾಯಿ ವಾಪಸ್. ಇವತ್ತು ಹಣ ಹುಟ್ಟುತ್ತದೆ, ಆದರೆ ಹಿಂದಿರುಗುವ ತಾರೀಖು ಅವತ್ತೇ ಬರೆದಿಟ್ಟಿರುತ್ತದೆ. ಇದನ್ನು ಮಾಮೂಲಿ ಖರೀದಿಯ ಜೊತೆ ಕೂಡಿಸಿದರೆ ಲೆಕ್ಕ ಕೆಡುತ್ತದೆ.

ಚಿತ್ತಾಪುರದ ಆ ಹುಡುಗಿಗೆ 2008-09ರ ಹಾಳೆ ತುಂಬಲು ಕೊಟ್ಟೆ. 2008ರ ಅಕ್ಟೋಬರ್ ತಲುಪಿದಾಗ ಫೋನ್ ಮಾಡಿದಳು. "ಮೇಡಂ, ಇಲ್ಲಿ ಖರೀದಿ ಕಾಲಂದಾಗ ಮೈನಸ್ ಬರಾಕತ್ತದ. ನಾ ಏನರ ತಪ್ಪು ಮಾಡೀನೇನ್ರಿ?" ಇಲ್ಲಮ್ಮ ಅಂದೆ. ವಿದೇಶಿ ಹೂಡಿಕೆದಾರರು ಹೊರಟಿದ್ದರು, ರಿಸರ್ವ್ ಬ್ಯಾಂಕ್ ಡಾಲರ್ ಮಾರುತ್ತಿತ್ತು, ಮಾರಿದಷ್ಟು ರೂಪಾಯಿ ಒಳಗೆ ಹೋಗುತ್ತಿತ್ತು. ಸಿಆರ್‌ಆರ್ ಕಾಲಂ ನೋಡು ಅಂದೆ. ಶೇ 9ರಿಂದ ಶುರುವಾಗಿ 2009ರ ಜನವರಿಗೆ ಶೇ 5ಕ್ಕೆ ಇಳಿದಿತ್ತು. ಕಟ್ಟಿಟ್ಟಿದ್ದ ಹಣವನ್ನು ಈಗ ಬಿಚ್ಚುತ್ತಿದ್ದರು.