ಕಂದು ಕೂದಲು, ಕೆಂಪು ಕೂದಲಿನ ಜೀನ್

ಜೀನ್ ಪರೀಕ್ಷೆಯ ಫೈಲ್ ಓದಿ, ಅದರಲ್ಲೇನಿದೆ ಅಂತ ಜನರಿಗೆ ಅರ್ಥವಾಗುವ ಹಾಗೆ ಬರೆದುಕೊಡುವುದು ನನ್ನ ಕೆಲಸ. ಒಂದು ಸಲ ಅಣ್ಣ-ತಂಗಿಯ ಎರಡು ಫೈಲ್ ಒಟ್ಟಿಗೆ ಬಂದವು. ಅಣ್ಣನದು ಕಡು ಕೆಂಪು ಕೂದಲು. ತಂಗಿಯದು ಕಂದು ಕೂದಲು, ಆದರೆ ಮೂಗು, ಕೆನ್ನೆ, ಮುಂಗೈ ಮೇಲೆಲ್ಲ ಫ್ರೆಕಲ್ಸ್, ಅಂದರೆ ನಸುಗಂದು ಚುಕ್ಕೆಗಳು. ತಂಗಿಯ ಪ್ರಶ್ನೆ ನೇರವಾಗಿತ್ತು: "ನನ್ನ ಕೂದಲು ಕೆಂಪಲ್ಲ. ಹಾಗಾದ್ರೆ ಅಣ್ಣನ ಹಾಗೆ ಬಿಸಿಲಿಗೆ ಹೆದರಬೇಕಾಗಿಲ್ಲ, ಅಲ್ವಾ?"

ಇಂಥ ಪ್ರಶ್ನೆ ಬಂದಾಗ ಮೊದಲು ನೋಡುವುದು ಎಂಸಿ1ಆರ್ ಅನ್ನುವ ಜೀನ್. 16ನೇ ಕ್ರೋಮೋಸೋಮಿನ ತುದಿಯಲ್ಲಿದೆ, ಪುಟ್ಟದು. ಪ್ರೋಟೀನಿಗೆ ಬೇಕಾದ ಭಾಗ ಡಿಎನ್‌ಎಯ ಬರೀ 954 ಅಕ್ಷರ. ಕೆಂಪು ಕೂದಲಿಗೂ ಇದಕ್ಕೂ ನಂಟಿದೆ ಅಂತ 1995ರಲ್ಲೇ ಗೊತ್ತಾಯಿತು. ಇದರಲ್ಲಿ ಬದಲಾವಣೆಗಳು ತುಂಬ ಇವೆ, ಆದರೆ ಎಲ್ಲದಕ್ಕೂ ಒಂದೇ ತೂಕವಿಲ್ಲ. ಜೀನನ್ನು ಹೆಚ್ಚುಕಡಿಮೆ ಕೆಡಿಸಿಬಿಡುವವನ್ನು ನಾವು ದೊಡ್ಡ ಆರ್ ಅಂತೀವಿ, ಸ್ವಲ್ಪ ಮಂಕು ಮಾಡುವವನ್ನು ಚಿಕ್ಕ ಆರ್ ಅಂತೀವಿ. ದೊಡ್ಡ ಆರ್‌ಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮೂರು. ತಂಗಿಯ ಫೈಲಿನಲ್ಲಿ ಅವನ್ನೇ ಹುಡುಕಿದೆ. ಜೀನಿನ ಒಂದು ಪ್ರತಿ ಅಮ್ಮನಿಂದ, ಇನ್ನೊಂದು ಅಪ್ಪನಿಂದ ಬರುತ್ತದೆ. ಸಾಲಿನ ಕೊನೆಯ ಎರಡು ಅಕ್ಷರ ಆ ಎರಡು ಪ್ರತಿಗಳವು.

```
grep -E "rs1805007|rs1805008|rs1805009" tangi.txt

rs1805007  16  89986117  GA
rs1805008  16  89986144  GG
rs1805009  16  89986546  CC
```

ಇಲ್ಲೇ ನಾನು ಎಡವಿದ್ದು. ಮೂರನೇ ಜಾಗದಲ್ಲಿ ಮಾಮೂಲಿ ಅಕ್ಷರ ಜಿ, ಬದಲಾದದ್ದು ಸಿ. ಕಣ್ಣಿಗೆ ಕಂಡದ್ದು `CC`. ಎರಡೂ ಪ್ರತಿ ಕೆಟ್ಟಿವೆ ಅಂತ ಕರಡಿನಲ್ಲಿ ಬರೆದೇಬಿಟ್ಟೆ. ಬರೆದ ಮೇಲೆ ಮನಸ್ಸಿಗೆ ಕಸಿವಿಸಿ. ದೊಡ್ಡ ಆರ್ ಎರಡು ಪ್ರತಿಯಲ್ಲೂ ಇದ್ದರೆ ಕೂದಲು ಕೆಂಪೋ ಹೊಂಬಣ್ಣವೋ ಇರುವುದು ಹೆಚ್ಚು. ಇವರದು ಗಟ್ಟಿ ಕಂದು. ಅಣ್ಣನ ಫೈಲ್ ತೆಗೆದರೆ ಅಲ್ಲೂ `CC`. ಅದೇ ಕಂತಿನಲ್ಲಿ ಬಂದ ಬೇರೆಯವರ ಫೈಲುಗಳನ್ನು ನೋಡಿದೆ. ಎಲ್ಲರೂ `CC`! ಈ ಬದಲಾವಣೆ ಯುರೋಪ್ ಮೂಲದವರಲ್ಲೇ ಅಪರೂಪ. ಕಂತಿಗೆ ಕಂತೇ ಕೆಟ್ಟಿರಲು ಸಾಧ್ಯವೇ ಇಲ್ಲ.

ಆಮೇಲೆ ಮೊದಲ ಸಾಲು ಮತ್ತೆ ನೋಡಿದೆ. ಆ ಜಾಗದಲ್ಲಿ ಇರಬೇಕಾದದ್ದು ಸಿ ಇಲ್ಲವೇ ಟಿ. ಫೈಲಿನಲ್ಲಿದ್ದದ್ದು `GA`. ಗುಟ್ಟು ರಟ್ಟಾಯಿತು. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ಸಿ ಇದ್ದರೆ ಎದುರಿನದರಲ್ಲಿ ಜಿ, ಟಿ ಇದ್ದರೆ ಎ. ಫೈಲ್ ತಯಾರಿಸಿದವರು ಎದುರು ಎಳೆಯ ಅಕ್ಷರ ಕೊಟ್ಟಿದ್ದರು. ಮೊದಲ ಎರಡು ಜಾಗದಲ್ಲಿ ಈ ತಿರುವು ತಾನಾಗಿ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ಬರಬಾರದ ಅಕ್ಷರಗಳು ಬಂದಿರುತ್ತವೆ. ಮೂರನೆಯದರಲ್ಲಿ ಗೊತ್ತಾಗುವುದಿಲ್ಲ. ಅಲ್ಲಿರುವ ಜೋಡಿಯೇ ಜಿ ಮತ್ತು ಸಿ. ತಿರುಗಿಸಿದರೂ ಅದೇ ಎರಡು ಅಕ್ಷರ, ಅರ್ಥ ಮಾತ್ರ ತಲೆಕೆಳಗು. ಸರಿಯಾಗಿ ಓದಿದರೆ ತಂಗಿಯದು `CT`, `CC`, `GG`. ಅಂದರೆ ಒಂದೇ ಒಂದು ದೊಡ್ಡ ಆರ್. ಈಗ ಯಾವ ಫೈಲ್ ಬಂದರೂ ಮೊದಲು ಉಳಿದ ಎರಡು ಜಾಗ ನೋಡಿ ಎಳೆ ಯಾವುದು ಅಂತ ತಿಳಿದುಕೊಂಡ ಮೇಲೇ ಮೂರನೆಯದನ್ನು ಮುಟ್ಟುತ್ತೇನೆ.

ಅಣ್ಣನಲ್ಲಿ ಮೊದಲ ಎರಡು ಜಾಗದಲ್ಲೂ ಒಂದೊಂದು ಬದಲಾವಣೆ ಇತ್ತು. ಎರಡೂ ಒಂದೇ ಪ್ರತಿಯ ಮೇಲಿವೆಯೋ, ಬೇರೆ ಬೇರೆ ಪ್ರತಿಯ ಮೇಲೋ ಅಂತ ಈ ಥರದ ಫೈಲ್ ಹೇಳುವುದಿಲ್ಲ. ಹೆತ್ತವರ ಎಂಜಲಿನ ಮಾದರಿ ತರಿಸಿ ನೋಡಿದೆವು. ಒಂದು ಅಮ್ಮನದು, ಇನ್ನೊಂದು ಅಪ್ಪನದು. ಇಬ್ಬರ ಕೂದಲೂ ಕೆಂಪಲ್ಲ. ಮಗನಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಸಿಕ್ಕಿತು. ಮಗಳಿಗೆ ಅಮ್ಮನದು ಮಾತ್ರ ಬಂತು.

ಹಾಗಾದರೆ ತಂಗಿ ಪಾರಾದರಾ? ಇಲ್ಲ. ಯಾಕೆ ಅಂತ ಹೇಳಲು ಈ ಜೀನಿನ ಕೆಲಸ ಸ್ವಲ್ಪ ಹೇಳಬೇಕು.

ಚರ್ಮದ ಬಣ್ಣ ಮಾಡುವ ಜೀವಕೋಶದ ಮೇಲ್ಮೈಯಲ್ಲಿ ಎಂಸಿ1ಆರ್ ಒಂದು ಕರೆಗಂಟೆಯ ಹಾಗೆ ಕೂತಿರುತ್ತದೆ. ಬಿಸಿಲಿನ ಯುವಿ ಕಿರಣ ಮೇಲಿನ ಪದರದ ಕೋಶಗಳ ಡಿಎನ್‌ಎಗೆ ಪೆಟ್ಟು ಕೊಟ್ಟಾಗ, ಆ ಕೋಶಗಳು ಒಂದು ಹಾರ್ಮೋನ್ ಬಿಟ್ಟು ಗಂಟೆ ಒತ್ತುತ್ತವೆ. ಗಂಟೆ ಸರಿಯಿದ್ದರೆ ಒಳಗಿನ ಕೋಶ ಕಪ್ಪು-ಕಂದು ಬಣ್ಣ ಮಾಡಿ ಮೇಲಕ್ಕೆ ಕಳಿಸುತ್ತದೆ. ಬಿಸಿಲಿಗೆ ಮೈ ಕಪ್ಪಾಗುವುದು ಅಂದರೆ ಇದೇ. ಗಂಟೆ ಕೆಟ್ಟಿದ್ದರೆ ಕೋಶ ಕೆಂಪು-ಹಳದಿ ಬಣ್ಣವನ್ನೇ ಮಾಡುತ್ತಾ ಕೂರುತ್ತದೆ. ಅದು ಯುವಿಯನ್ನು ಸರಿಯಾಗಿ ತಡೆಯುವುದಿಲ್ಲ. ಅಷ್ಟೇ ಅಲ್ಲ, ಡಿಎನ್‌ಎ ರಿಪೇರಿಗೂ ಈ ಗಂಟೆಯ ಸದ್ದು ನೆರವಾಗುತ್ತದೆ. ಅಣ್ಣನ ಮೈ ಕಪ್ಪಾಗದೆ ಸುಟ್ಟು ಕೆಂಪಾಗುವುದು ಇದರಿಂದಲೇ.

ತಂಗಿಯಲ್ಲಿ ಒಂದು ಪ್ರತಿ ಚೆನ್ನಾಗಿದೆ. ಕೂದಲನ್ನು ಕಂದಾಗಿ ಇಡಲು ಅದು ಸಾಕು. ಚರ್ಮಕ್ಕೆ ಅಷ್ಟು ಸಾಲುವುದಿಲ್ಲ. ಅವರ ತೋಳು ನೋಡಿದೆ. ಮುಂಗೈ ಹೊರಮೈ ತುಂಬ ನಸುಗಂದು ಚುಕ್ಕೆ, ಕೈಗಡಿಯಾರದ ಪಟ್ಟಿಯಡಿ ಒಂದೂ ಇಲ್ಲ. ತೋಳಿನ ಒಳಭಾಗ ಹಾಲಿನ ಹಾಗೆ ಖಾಲಿ. ಚಳಿಗಾಲದಲ್ಲಿ ಮಂಕಾಗುತ್ತವೆ ಅಂದರು. ಹಾಗಾದರೆ ಇವು ಫ್ರೆಕಲ್ಸೇ. ವಯಸ್ಸಿನ ಜೊತೆ ಬರುವ ಬಿಸಿಲ ಕಲೆಗಳು ಹೀಗೆ ಋತುವಿನ ಜೊತೆ ಮಾಸುವುದಿಲ್ಲ, ಮಚ್ಚೆಯ ಕಥೆಯೇ ಬೇರೆ. ನನಗಂತೂ ಇಲ್ಲಿ ಫೈಲಿಗಿಂತ ಆ ಗಡಿಯಾರದ ಪಟ್ಟಿಯೇ ಜಾಸ್ತಿ ಹೇಳಿತು. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ಕೂತರೆ ಏನಾಗುತ್ತದೆ ಅಂತ ಕೇಳಿದೆ. "ಮೊದಲು ಕೆಂಪಾಗುತ್ತೆ, ಒಂದು ವಾರ ಆದಮೇಲೆ ಸ್ವಲ್ಪ ಕಪ್ಪಾಗುತ್ತೆ." ಅಣ್ಣನಿಗೆ ಆ ಎರಡನೇ ಭಾಗವೇ ಇಲ್ಲ.

ಒಂದು ಪ್ರತಿಯ ಬಗ್ಗೆ 2016ರ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಉಳಿದಿದೆ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಗಡ್ಡೆಗಳನ್ನು ಅವರು ಓದಿದರು. ಒಂದೇ ದೊಡ್ಡ ಆರ್ ಇದ್ದವರ ಗಡ್ಡೆಗಳಲ್ಲೂ, ಆರ್ ಇಲ್ಲದವರ ಗಡ್ಡೆಗಳಿಗಿಂತ ಬಿಸಿಲಿನ ಗುರುತಾದ ಬದಲಾವಣೆಗಳು ಸುಮಾರು 42 ಪ್ರತಿಶತ ಜಾಸ್ತಿ ಇದ್ದವು. ವಯಸ್ಸಿನ ಲೆಕ್ಕದಲ್ಲಿ ಹೇಳಿದರೆ 21 ವರ್ಷ ಹೆಚ್ಚು ಬಾಳಿದಷ್ಟು. ಒಂದು ಆರ್ ಇದ್ದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತ ಇದರ ಅರ್ಥವಲ್ಲ. ಆದರೆ ತಂಗಿಯ ವರದಿಯಲ್ಲಿ ಕೂದಲಿಗೆ ಒಂದು ಸಾಲು, ಚರ್ಮಕ್ಕೆ ಬೇರೆಯೇ ಒಂದು ಸಾಲು ಬರೆದೆ. ಕೂದಲಿನ ಸಾಲು: ಕೆಂಪಾಗುವ ಸಾಧ್ಯತೆ ಕಡಿಮೆ. ಚರ್ಮದ ಸಾಲು: ಅಣ್ಣನ ಟೋಪಿ, ಉದ್ದ ತೋಳಿನ ಅಂಗಿ, ಸನ್‌ಸ್ಕ್ರೀನ್ ನಿಮಗೂ ಬೇಕು.

ಫೈಲಿನಲ್ಲಿ ಏನೂ ಸಿಗದಿದ್ದರೂ ನಿರಾಳವಾಗಿ ಇರುವಂತಿಲ್ಲ. ಫ್ರೆಕಲ್ಸ್ ತರುವ ಜೀನ್‌ಗಳು ಬೇರೆಯೂ ಇವೆ, ಐಆರ್‌ಎಫ್4 ಅಂಥದ್ದೊಂದು. ಜೊತೆಗೆ, ಇಂಥ ಫೈಲುಗಳು ಮೊದಲೇ ಆಯ್ದ ಜಾಗಗಳನ್ನಷ್ಟೇ ನೋಡುತ್ತವೆ. ಆಮೇಲೊಬ್ಬರು ಬಂದಿದ್ದರು, ಗಡ್ಡವೂ ಸೇರಿ ಬೆಂಕಿಯ ಬಣ್ಣ. ಫೈಲಿನಲ್ಲಿ ಸಿಕ್ಕಿದ್ದು ಒಂದೇ ದೊಡ್ಡ ಆರ್. ಎಳೆ ತಿರುಗಿದೆಯಾ ಅಂತ ನೋಡಿದೆ, ಇರಲಿಲ್ಲ. ಕೊನೆಗೆ ಆ 954 ಅಕ್ಷರಗಳನ್ನು ಪೂರ್ತಿ ಓದಿಸಿದೆವು. ಇನ್ನೊಂದು ಪ್ರತಿಯ ಶುರುವಿನಲ್ಲೇ ಒಂದು ಅಕ್ಷರ ಜಾಸ್ತಿ ಸೇರಿಕೊಂಡಿತ್ತು. ಅಲ್ಲಿಂದ ಮುಂದೆ ಓದು ಪೂರ್ತಿ ತಪ್ಪಿ, ಪ್ರೋಟೀನೇ ಆಗಿರಲಿಲ್ಲ.