ಟ್ರಿಮ್ಮರ್ ಫೋಟೊ ಒಂದೇ ಇದೆ, ಸರಿಯಾದ ಬ್ಲೇಡ್ ಹುಡುಕುವುದು ಹೇಗೆ?

ಚಿಕ್ಕಪ್ಪ ಒಂದು ಫೋಟೊ ಕಳಿಸಿದ್ದರು. ಹಾಸಿಗೆಯ ಮೇಲೆ ಮಲಗಿಸಿದ ಕಪ್ಪು ಟ್ರಿಮ್ಮರ್, ಮುಂಭಾಗ ಮಾತ್ರ ಕಾಣುತ್ತಿದೆ. ಕೆಳಗೆ ಒಂದು ಸಾಲು: "ಇದಕ್ಕೊಂದು ಬ್ಲೇಡ್ ತರಿಸಿಬಿಡಪ್ಪ, ಕೂದಲು ಕತ್ತರಿಸೋ ಬದಲು ಎಳೀತಿದೆ."

ಇಂಥ ಫೋಟೊ ನೋಡಿ ಬ್ಲೇಡ್ ತರಿಸಿದರೆ ಬಹಳ ಸಲ ಅದು ಕೂರುವುದೇ ಇಲ್ಲ. ಯಾಕೆ ಅಂದರೆ ಒಂದೇ ಥರ ಕಾಣುವ ಹೊರಮೈಯನ್ನು ಕಂಪನಿಗಳು ಹಲವು ಮಾಡೆಲ್‌ಗಳಿಗೆ ಬಳಸುತ್ತವೆ. ಬಣ್ಣ, ಬಟನ್, ಹಿಡಿಯ ಆಕಾರ ಎಲ್ಲ ಒಂದೇ ಇದ್ದರೂ ಬ್ಲೇಡ್ ಕೂರುವ ಜಾಗ ಬೇರೆ ಇರಬಹುದು. ನಮಗೆ ಬೇಕಾದ್ದು ಆ ಜಾಗದ ಫೋಟೊ. ಅದಕ್ಕೂ ಮೊದಲು, ಮಾಡೆಲ್ ನಂಬರ್ ಸಿಗುತ್ತದಾ ಅಂತ ನೋಡಬೇಕು. ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ನಂಬರ್ ಹುಡುಕಿ

ಮನೆಬಳಕೆಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ (IEC 60335-1) ಪ್ರಕಾರ ಉಪಕರಣದ ಮೇಲೆ ತಯಾರಕರ ಗುರುತು ಮತ್ತು ಮಾಡೆಲ್ ಅಥವಾ ಟೈಪ್ ನಂಬರ್ ಇರಲೇಬೇಕು. ಹಾಗಾಗಿ ಅಳಿಸಿ ಹೋಗಿಲ್ಲದಿದ್ದರೆ ನಂಬರ್ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಇರುತ್ತದೆ. ಹಿಡಿಯ ಹಿಂಭಾಗದ ಕೆಳತುದಿ, ಚಾರ್ಜಿಂಗ್ ಪಿನ್ ಚುಚ್ಚುವ ಜಾಗದ ಸುತ್ತ, ಬಿಚ್ಚಿ ತೆಗೆಯುವ ತಲೆಯ ಒಳಗೆ, ಸ್ಟ್ಯಾಂಡ್ ಇದ್ದರೆ ಅದರ ತಳ, ಇಷ್ಟನ್ನೂ ನೋಡಲು ಹೇಳಿ.

ಚಿಕ್ಕಪ್ಪ ಎರಡನೇ ಸಲ ಕಳಿಸಿದ್ದು ಚಾರ್ಜರ್ ಫೋಟೊ. ಇದು ತುಂಬ ಜನ ಮಾಡುವ ತಪ್ಪು. ಅಡಾಪ್ಟರ್ ಮೇಲೆ ಅಕ್ಷರ ದಪ್ಪವಾಗಿ, ಸ್ಪಷ್ಟವಾಗಿ ಇರುತ್ತದೆ, ಟ್ರಿಮ್ಮರ್ ಮೇಲಿನದು ಉಜ್ಜಿ ಹೋಗಿರುತ್ತದೆ. ಆದರೆ ಅಡಾಪ್ಟರ್‌ಗೆ ಅದರದ್ದೇ ಬೇರೆ ನಂಬರ್. ಉದಾಹರಣೆಗೆ HQ8505 ಅನ್ನುವುದು ಫಿಲಿಪ್ಸ್‌ನ ಒಂದು ಅಡಾಪ್ಟರ್. ಅದೇ ಅಡಾಪ್ಟರ್ ಹಲವಾರು ಶೇವರ್, ಟ್ರಿಮ್ಮರ್‌ಗಳ ಜೊತೆ ಬಂದಿದೆ. ಅದನ್ನು ಹುಡುಕಿದರೆ ಚಾರ್ಜರ್ ಸಿಗುತ್ತದೆ, ಬ್ಲೇಡ್ ಸಿಗುವುದಿಲ್ಲ. ವೋಲ್ಟ್, ಮಿಲಿಆಂಪ್ ಅಂತ ಬರೆದಿರುವ ಸಾಲು, IPX7 ಥರದ ನೀರಿನ ರಕ್ಷಣೆಯ ಗುರುತು, ಉದ್ದನೆಯ ಸೀರಿಯಲ್ ನಂಬರ್, ಇವು ಯಾವುವೂ ಮಾಡೆಲ್ ಅಲ್ಲ.

ಅಕ್ಷರ ಮಾಸಿದ್ದರೆ ಫ್ಲ್ಯಾಶ್ ಹಾಕಿ ತೆಗೆಯಬೇಡಿ, ನೇರ ಬೆಳಕಿಗೆ ಹೊಳಪು ಬಂದು ಇದ್ದದ್ದೂ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ಅಚ್ಚೊತ್ತಿದ ಅಕ್ಷರವಾದರೆ ಅದರ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಓದುವಾಗ 8 ಮತ್ತು B, 0 ಮತ್ತು O, 5 ಮತ್ತು S ಅದಲುಬದಲಾಗುವುದು ಸಾಮಾನ್ಯ. ಅನುಮಾನ ಬಂದರೆ ಎರಡೂ ಥರ ಹುಡುಕಿ. ಫೋಟೊವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಅದು ಕುಗ್ಗಿ, ಸಣ್ಣ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸಿಕ್ಕ ನಂಬರನ್ನು ಓದುವುದರಲ್ಲೂ ಸ್ವಲ್ಪ ವಿಷಯವಿದೆ. ಫಿಲಿಪ್ಸ್‌ನಲ್ಲಿ QT4011/15 ಥರ ಓರೆಗೆರೆ ಇರುತ್ತದೆ. ಗೆರೆಯ ಹಿಂದಿನದು ಯಂತ್ರದ ನಂಬರ್, ಮುಂದಿನದು ಯಾವ ಆವೃತ್ತಿ ಅನ್ನುವುದಕ್ಕೆ. ಪೂರ್ತಿ ನಂಬರ್‌ಗೆ ಏನೂ ಸಿಗದಿದ್ದರೆ ಗೆರೆಯ ತನಕ ಮಾತ್ರ ಹಾಕಿ ನೋಡಿ. ಬ್ರಾನ್‌ನಲ್ಲಿ ಪೆಟ್ಟಿಗೆಯ ಮೇಲಿನ ಹೆಸರು ಒಂದು, ಯಂತ್ರದ ಮೇಲೆ Type ಅಂತ ಬರೆದ ನಾಲ್ಕು ಅಂಕಿ ಇನ್ನೊಂದು. ಬಿಡಿಭಾಗ ಹುಡುಕುವಾಗ ಆ ನಾಲ್ಕು ಅಂಕಿ ಕೈಯಲ್ಲಿರಲಿ.

ನಂಬರ್ ಇಲ್ಲವೇ ಇಲ್ಲ ಅಂದರೆ

ಚಿಕ್ಕಪ್ಪನ ಟ್ರಿಮ್ಮರ್‌ನಲ್ಲಿ ನಂಬರ್ ಪೂರ್ತಿ ಅಳಿಸಿ ಹೋಗಿತ್ತು. ಫೋಟೊ ಹಾಕಿ ಹುಡುಕಿದಾಗ ಅದು ವಾಲ್ ಕಂಪನಿಯ ಡಿಟೇಲರ್ ಅನ್ನುವಷ್ಟು ಗೊತ್ತಾಯಿತು. ಇಂಗ್ಲಿಷಿನ T ಆಕಾರದ ಬ್ಲೇಡ್ ಇರುವ ಸಣ್ಣ ಟ್ರಿಮ್ಮರ್ ಅದು. ಆದರೆ ಅದರ ಬ್ಲೇಡ್ 32 ಮಿ.ಮೀ. ಅಗಲದ್ದೂ ಇದೆ, 38 ಮಿ.ಮೀ. ಅಗಲದ್ದೂ ಇದೆ. ಫೋಟೊದಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಈಗ ಅಳೆಯದೆ ಬೇರೆ ದಾರಿ ಇಲ್ಲ.

ಮನೆಯಲ್ಲಿ ಸ್ಕೇಲ್ ಇದ್ದರೆ ಅದನ್ನೇ ಹಲ್ಲಿನ ಸಾಲಿಗೆ ಹಿಡಿದು ಓದಿದರಾಯಿತು. ಚಿಕ್ಕಪ್ಪನ ಹತ್ತಿರ ಇರಲಿಲ್ಲ. ಆಗ ನೆರವಿಗೆ ಬರುವುದು ಎಟಿಎಂ ಕಾರ್ಡಿನ ಅಳತೆಯ ಯಾವುದಾದರೂ ಪ್ಲಾಸ್ಟಿಕ್ ಕಾರ್ಡ್. ಅದರ ಉದ್ದ ಎಲ್ಲ ಕಡೆ 85.6 ಮಿ.ಮೀ. ಬ್ಯಾಂಕ್ ಕಾರ್ಡೇ ಆದರೆ ನಂಬರ್ ಮೇಲೆ ಕಾಗದ ಅಂಟಿಸಿ ಮುಚ್ಚಿರಿ, ಹಿಂದೆ ಇರುವ ಮೂರು ಅಂಕಿಯೂ ಕಾಣಬಾರದು.

ಅವರು ಕಾರ್ಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಟ್ರಿಮ್ಮರ್ ಮಲಗಿಸಿ, ಒಂದು ಗೇಣಿನ ಮೇಲಿಂದ ಫೋಟೊ ತೆಗೆದರು. ನಾನು ಅದನ್ನು ಲ್ಯಾಪ್‌ಟಾಪ್ ಪರದೆಯಲ್ಲಿ ದೊಡ್ಡದು ಮಾಡಿ ಪರದೆಗೇ ಸ್ಕೇಲ್ ಹಿಡಿದೆ. ಕಾರ್ಡ್ 214 ಮಿ.ಮೀ. ಬಂತು, ಅಂದರೆ ಪರದೆಯ ಮೇಲೆ ಎಲ್ಲವೂ ಎರಡೂವರೆ ಪಟ್ಟು. ಬ್ಲೇಡ್ 91 ಬಂತು. 91 ಭಾಗಿಸು 2.5, ಅಂದರೆ 36.4. ಇದು 32ನೂ ಅಲ್ಲ, 38ನೂ ಅಲ್ಲ!

ತಪ್ಪು ಎಲ್ಲಿ ಅಂದರೆ, ಕಾರ್ಡ್ ಮೇಜಿಗೆ ಅಂಟಿಕೊಂಡಿದೆ, ಟ್ರಿಮ್ಮರ್ ದಪ್ಪಗಿರುವುದರಿಂದ ಬ್ಲೇಡ್ ಸುಮಾರು 3 ಸೆಂ.ಮೀ. ಮೇಲಿದೆ. ಕ್ಯಾಮೆರಾದಿಂದ ಕಾರ್ಡ್ 25 ಸೆಂ.ಮೀ. ದೂರ, ಬ್ಲೇಡ್ 22. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ ಅಲ್ವಾ? ಅಷ್ಟಕ್ಕೇ ಬ್ಲೇಡ್ ಹೆಚ್ಚುಕಡಿಮೆ ಶೇಕಡ 14ರಷ್ಟು ಉಬ್ಬಿತ್ತು. ಈ ಒಂದು ಫೋಟೊ ನಂಬಿದ್ದರೆ 38 ಮಿ.ಮೀ. ಬ್ಲೇಡೇ ಹತ್ತಿರ ಅಂತ ಅದನ್ನೇ ತರಿಸುತ್ತಿದ್ದೆ.

ಎರಡನೇ ಸಲ ಒಂದು ಪುಸ್ತಕದ ಮೇಲೆ ಕಾರ್ಡ್ ಇಡಿಸಿ ಬ್ಲೇಡಿನ ಎತ್ತರಕ್ಕೇ ತರಿಸಿದೆ. ಫೋನನ್ನು ಒಂದು ಮೀಟರಿನಷ್ಟು ಮೇಲೆ ಹಿಡಿದು, ಜೂಮ್ ಮಾಡಿ, ನೇರ ಕೆಳಕ್ಕೆ ನೋಡಿ ತೆಗೆಯಲು ಹೇಳಿದೆ. ಈ ಸಲ ಪರದೆಯ ಮೇಲೆ ಕಾರ್ಡ್ ಮತ್ತೆ 214 ಬರುವ ಹಾಗೆ ಹಿಗ್ಗಿಸಿದಾಗ ಬ್ಲೇಡ್ ಬಂದದ್ದು 80. ಅಲ್ಲಿಗೆ 32 ಮಿ.ಮೀ. ಅಂತ ಇತ್ಯರ್ಥವಾಯಿತು. ದೂರದಿಂದ ತೆಗೆದರೆ ಎತ್ತರದ ಸಣ್ಣ ಹೆಚ್ಚುಕಡಿಮೆ ಲೆಕ್ಕಕ್ಕೆ ಬರುವುದಿಲ್ಲ: ಮೀಟರ್ ದೂರದಲ್ಲಿ ಅದೇ 3 ಸೆಂ.ಮೀ. ವ್ಯತ್ಯಾಸ ತರುವ ತಪ್ಪು ಶೇಕಡ 3 ಮಾತ್ರ.

ಬ್ಲೇಡಿನ ಬೆನ್ನು ನೋಡದೆ ಆರ್ಡರ್ ಬೇಡ

ಅಗಲ ಹೊಂದಿದರೆ ಸಾಲದು. ಟ್ರಿಮ್ಮರ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಲೇಡ್ ಬಿಚ್ಚಿಸಿ. ಕೆಳಗೆ ಒಂದು ಬಟ್ಟೆ ಹಾಸಿರಲಿ, ಕೆಲವದರಲ್ಲಿ ಸಣ್ಣ ಸ್ಪ್ರಿಂಗ್ ಹಾರಿ ಹೋಗುತ್ತದೆ. ಬಿಚ್ಚುವ ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆದಿಟ್ಟರೆ ಮತ್ತೆ ಜೋಡಿಸುವಾಗ ತಲೆನೋವಿಲ್ಲ.

ಬೆನ್ನಿನ ಫೋಟೊದಲ್ಲಿ ನೋಡಬೇಕಾದ್ದು ಎರಡು. ಒಂದು, ಬ್ಲೇಡ್ ಹೇಗೆ ನಿಂತಿದೆ: ಎರಡು ಸ್ಕ್ರೂ ತೂತಾ, ಅಥವಾ ಹೆಬ್ಬೆರಳಿನಲ್ಲಿ ಒತ್ತಿದರೆ ಕಳಚುವ ಕೊಕ್ಕೆಯಾ. ಎರಡು, ನಿಂತ ಬ್ಲೇಡಿನ ಮೇಲೆ ಆಚೀಚೆ ಆಡುವ ಬ್ಲೇಡಿನ ಮಧ್ಯದ ಗಾಡಿ, ಅಂದರೆ ಅಲ್ಲಿರುವ ತೋಡು. ಮೋಟಾರಿನ ಕಡ್ಡಿ ಬಂದು ಅದರೊಳಗೆ ಕೂತು ಬ್ಲೇಡನ್ನು ಆಚೀಚೆ ಆಡಿಸುತ್ತದೆ. ಗಾಡಿ ಚೌಕವೋ, ದುಂಡೋ, ಎಷ್ಟು ಅಗಲ ಅನ್ನುವುದು ಮುಖ್ಯ. ಕಡ್ಡಿ ಅದರಲ್ಲಿ ಕೂರದಿದ್ದರೆ ಬ್ಲೇಡ್ ಎಷ್ಟೇ ಚೆನ್ನಾಗಿದ್ದರೂ ಆಡುವುದಿಲ್ಲ.

ಈಗ ಮಾರುವವರ ಪುಟದಲ್ಲಿರುವ ಬ್ಲೇಡಿನ ಫೋಟೊ ಪಕ್ಕಕ್ಕಿಟ್ಟು ಹೋಲಿಸಿ. ಅವರ ಫೋಟೊದಲ್ಲಿ ಅಳತೆ ಇರುವುದಿಲ್ಲ, ಪರವಾಗಿಲ್ಲ. ಹಲ್ಲು ಎಣಿಸಿ. ಎಣಿಸುವುದಕ್ಕೆ ಸ್ಕೇಲ್ ಬೇಡ. ಫೋಟೊ ಹಿಗ್ಗಿಸಿ, ಐದೈದು ಹಲ್ಲಿಗೆ ಒಂದು ಗುರುತು ಹಾಕುತ್ತ ಹೋದರೆ ತಪ್ಪುವುದಿಲ್ಲ. ಆಮೇಲೆ ಎರಡು ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಬ್ಲೇಡಿನ ಅಗಲದಿಂದ ಭಾಗಿಸಿ. ನಿಮ್ಮ ಫೋಟೊದಲ್ಲಿ 0.40 ಬಂದು ಅವರದರಲ್ಲಿ 0.48 ಬಂದರೆ ಅದು ನಿಮ್ಮದಲ್ಲ. ಹೊಂದಿದ ಮಾತ್ರಕ್ಕೆ ಇದೇ ಬ್ಲೇಡ್ ಅಂತ ಖಾತ್ರಿಯಾಗುವುದಿಲ್ಲ, ಪಟ್ಟಿಯಲ್ಲಿ ಉಳಿಸಿಕೊಳ್ಳಬಹುದು ಅಷ್ಟೇ. ಬೆನ್ನಿನ ಫೋಟೊ ಹಾಕದ ಮಾರಾಟಗಾರರನ್ನು ಕೇಳಿ ತರಿಸಿಕೊಳ್ಳಿ. ಕೊಡದಿದ್ದರೆ ಬಿಟ್ಟುಬಿಡಿ.

ಕಂಪನಿ ಬೇರೆಯಾದರೂ ಬ್ಲೇಡ್ ಕೂರುವ ಒಂದು ಬಗೆ ಇದೆ. ದೊಡ್ಡ ಕ್ಲಿಪ್ಪರ್‌ಗಳಲ್ಲಿ, ವಿಶೇಷವಾಗಿ ಪ್ರಾಣಿಗಳ ಕೂದಲು ಕತ್ತರಿಸುವವುಗಳಲ್ಲಿ, A5 ಅನ್ನುವ ಕಳಚುವ ಬ್ಲೇಡ್ ಬಳಸುತ್ತಾರೆ. ಆಸ್ಟರ್, ಆ್ಯಂಡಿಸ್, ವಾಲ್ ಮೂವರೂ ಇದನ್ನು ಮಾಡುತ್ತಾರೆ. ನಿಮ್ಮದು A5 ಅಂತ ಗೊತ್ತಾದರೆ ಹುಡುಕಾಟ ತುಂಬ ಹಗುರ.

ಬಂದ ಮೇಲೆ

ಹೊಸ ಬ್ಲೇಡ್ ಕೂರಿಸುವಾಗ ಆಡುವ ಬ್ಲೇಡಿನ ಹಲ್ಲಿನ ತುದಿ, ನಿಂತ ಬ್ಲೇಡಿನ ತುದಿಗಿಂತ ಸುಮಾರು 1 ಮಿ.ಮೀ. ಹಿಂದೆ ಇರಬೇಕು. ಮುಂದೆ ಚಾಚಿದರೆ ಚರ್ಮ ಕುಯ್ಯುತ್ತದೆ. ಒಂದು ಹನಿ ಟ್ರಿಮ್ಮರ್ ಎಣ್ಣೆ ಹಾಕಿ ಅರ್ಧ ನಿಮಿಷ ಖಾಲಿ ಓಡಿಸಿ. ಮೋಟಾರ್ ಗುಂಯ್ ಅಂದು ಬ್ಲೇಡ್ ಆಡದಿದ್ದರೆ ಕಡ್ಡಿ ಗಾಡಿಯೊಳಗೆ ಕೂತಿಲ್ಲ, ಬಿಚ್ಚಿ ಮತ್ತೆ ಕೂರಿಸಿ. ಟಕಟಕ ಸದ್ದು ಬಂದರೆ ಗಾಡಿ ಸಡಿಲ ಇರಬಹುದು, ಅಂದರೆ ಬ್ಲೇಡ್ ಆ ಮಾಡೆಲ್‌ನದಲ್ಲದಿರಬಹುದು. ಅಷ್ಟರಲ್ಲೇ ಬ್ಲೇಡ್ ಕೈ ಸುಡುವಷ್ಟು ಬಿಸಿಯಾದರೂ ನಿಲ್ಲಿಸಿ. ಹೊಸದು ಸರಿ ಅಂತ ಖಾತ್ರಿಯಾಗುವ ತನಕ ಹಳೆಯದನ್ನು ಎಸೆಯಬೇಡಿ.

ಹೇರ್ ಡ್ರೈಯರ್ ನಾಜಲ್‌ಗೆ

ಇದೇ ಥರ ಫೋಟೊ ನೋಡಿ ಡ್ರೈಯರಿನ ಬಾಯಿಗೆ ಹಾಕುವ ಮೂತಿ, ಅಂದರೆ ನಾಜಲ್ ಹುಡುಕಬೇಕಾದರೆ, ಮಾಡೆಲ್‌ಗಿಂತ ಗಾಳಿ ಹೊರಬರುವ ಬಾಯಿಯ ಅಳತೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮಾಡೆಲ್ ನಂಬರ್ ಹಿಡಿಯ ಮೇಲೋ, ಹಿಂದಿನ ಜಾಲರಿಯ ಹತ್ತಿರವೋ, ವೈರಿಗೆ ಸುತ್ತಿದ ಚೀಟಿಯ ಮೇಲೋ ಇರುತ್ತದೆ. ಬಾಯಿಯನ್ನು ನೇರ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತರಿಸಿ. ಪಕ್ಕದ ಫೋಟೊದಲ್ಲಿ ಬಾಯಿ ನುಣುಪಾಗಿದ್ದರೆ ನಾಜಲ್ ಸುಮ್ನೆ ಒತ್ತಿ ಕೂರಿಸುವಂಥದ್ದು. ಸಣ್ಣ ಗುಬುಟು ಅಥವಾ ಕಚ್ಚು ಕಂಡರೆ ತಿರುಗಿಸಿ ಲಾಕ್ ಮಾಡುವಂಥದ್ದು. ಡೈಸನ್ ಸೂಪರ್‌ಸಾನಿಕ್ ಥರದವು ಅಯಸ್ಕಾಂತದಲ್ಲಿ ಅಂಟುತ್ತವೆ, ಇವಕ್ಕೆ ಮಾಡೆಲ್ ನಂಬರ್ ಬೇಕೇ ಬೇಕು.

ಒತ್ತಿ ಕೂರಿಸುವಂಥದ್ದಾದರೆ ಕಾಗದದ ಪಟ್ಟಿಯನ್ನು ಬಾಯಿಯ ಸುತ್ತ ಸುತ್ತಿ, ಒಂದು ಸುತ್ತು ಮುಗಿಯುವಲ್ಲಿ ಗುರುತು ಹಾಕಿ, ಆ ಉದ್ದವನ್ನು 3.14ರಿಂದ ಭಾಗಿಸಿ. 151 ಮಿ.ಮೀ. ಬಂದರೆ ಬಾಯಿಯ ಅಗಲ 48 ಮಿ.ಮೀ. ಹಳೆಯ ನಾಜಲ್ ಬಾಯಿಯ ಹೊರಗೆ ಕೂರುತ್ತಿತ್ತೋ ಒಳಗೋ ಅಂತಲೂ ಕೇಳಿ. ಒಳಗೆ ಕೂರುವಂಥದ್ದಾದರೆ ಒಳ ಅಗಲವನ್ನು ಅಳೆಯಬೇಕು.

ಹೊಸ ನಾಜಲ್ ಹಾಕಿ ಓಡಿಸಿದಾಗ ಡ್ರೈಯರ್ ಒಂದೆರಡು ನಿಮಿಷಕ್ಕೇ ತಾನಾಗಿ ಆಫ್ ಆದರೆ, ತಣಿಯಲು ಬಿಟ್ಟು ನಾಜಲ್ ಇಲ್ಲದೆ ಓಡಿಸಿ ನೋಡಿ. ಆಗ ಸರಿಯಾಗಿ ಓಡಿದರೆ ನಾಜಲ್‌ನ ಸೀಳು ತೀರಾ ಕಿರಿದಾಗಿದೆ: ಗಾಳಿ ಹೊರಗೆ ಹೋಗದೆ ಒಳಗೇ ಬಿಸಿಯೇರಿ, ರಕ್ಷಣೆಯ ಸ್ವಿಚ್ ಕರೆಂಟ್ ಕಡಿಯುತ್ತಿದೆ. ಆ ನಾಜಲ್ ವಾಪಸ್ ಮಾಡಿ. ನಾಜಲ್ ಇಲ್ಲದೆಯೂ ಆಫ್ ಆದರೆ ಹಿಂದಿನ ಜಾಲರಿಯಲ್ಲಿ ಧೂಳು, ಕೂದಲು ಕಟ್ಟಿಕೊಂಡಿದೆಯಾ ನೋಡಿ.